ಭಾಷಣಕಾರರ ಪರಿಚಯ ಒಂದು ಪುಟ ಇದ್ದರೆ, ಯಾವ ಪ್ರಶಸ್ತಿ ಹೇಳಬೇಕು?

ಉಡುಪಿಯ ಒಂದು ಕಾಲೇಜಿನಲ್ಲಿ ತಾಳಮದ್ದಳೆಯ ಅರ್ಥಗಾರಿಕೆ, ಅಂದರೆ ಯಕ್ಷಗಾನದ ಪಾತ್ರಗಳಿಗೆ ವೇಷವಿಲ್ಲದೆ ಕುಳಿತು ಮಾತು ಕೊಡುವ ಕಲೆಯ ಬಗ್ಗೆ ಉಪನ್ಯಾಸ ಇದೆ ಅಂದುಕೊಳ್ಳಿ. ಮಾತಾಡುವವರು ಹಿರಿಯ ಅರ್ಥಧಾರಿ, ನಿವೃತ್ತ ಅಧ್ಯಾಪಕರು. ಅವರನ್ನು ಪರಿಚಯಿಸುವ ಕೆಲಸ ನಿಮ್ಮದು. ವಾಟ್ಸಾಪಿನಲ್ಲಿ ಒಂದು ಪುಟದ ಪರಿಚಯ ಬಂದಿದೆ. ಗೌರವ ಡಾಕ್ಟರೇಟ್, ಯಕ್ಷಗಾನ ಅಕಾಡೆಮಿಯ ಗೌರವ ಪ್ರಶಸ್ತಿ, ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ, ಆದರ್ಶ ಶಿಕ್ಷಕ ಪ್ರಶಸ್ತಿ, ಎರಡು ಬಿರುದು, ಮುಂಬೈ ಮತ್ತು ದುಬೈ ಸಂಘಗಳ ಸನ್ಮಾನ, ನಾಲ್ಕಾರು ಬ್ರಹ್ಮಕಲಶೋತ್ಸವಗಳಲ್ಲಿ ಸಿಕ್ಕ ಗೌರವ.

ಮೊದಲು ಗಡಿಯಾರ ನೋಡಿಕೊಂಡು ಇಡೀ ಪುಟವನ್ನು ಗಟ್ಟಿಯಾಗಿ ಓದಿ. ಮೂರು ನಿಮಿಷವಾದರೂ ಬೇಕು. ಪರಿಚಯಕ್ಕೆ ಒಂದೂವರೆ ನಿಮಿಷ ಸಾಕು. ಅದರಲ್ಲೂ ಅವರು ಮಾಡಿದ ಕೆಲಸಕ್ಕೆ ಜಾಸ್ತಿ ಹೊತ್ತು ಸಿಗಬೇಕು. ಹಾಗಾಗಿ ಗೌರವಗಳಲ್ಲಿ ಎರಡು ಅಥವಾ ಮೂರಕ್ಕಷ್ಟೇ ಜಾಗ.

ಈಗ ಪೆನ್ನು ತೆಗೆದುಕೊಂಡು ಪ್ರತಿಯೊಂದರ ಮುಂದೆ ಬರೆಯಿರಿ: ಕೊಟ್ಟವರು ಯಾರು, ಯಾವ ಕೆಲಸಕ್ಕೆ, ಯಾವ ವರ್ಷ. ಈ ಮೂರಕ್ಕೂ ಉತ್ತರ ಸಿಗದ್ದನ್ನು ಸದ್ಯಕ್ಕೆ ಬದಿಗಿಡಿ. ಆಗ ಪ್ರಶಸ್ತಿ ಮತ್ತು ಸನ್ಮಾನ ತಾವಾಗಿಯೇ ಬೇರೆಯಾಗುತ್ತವೆ. ಶಾಲು ಹೊದೆಸಿ ಹಾರ ಹಾಕಿದ್ದು ಪ್ರೀತಿಯ ಗೌರವ, ನಿಜ. ಆದರೆ ಅದನ್ನು ಪ್ರಶಸ್ತಿಯ ಸಾಲಿಗೆ ಸೇರಿಸಿದರೆ ಎರಡಕ್ಕೂ ಬೆಲೆ ಕಡಿಮೆಯಾಗುತ್ತದೆ.

ಉಳಿದದ್ದನ್ನು ಆ ದಿನದ ವಿಷಯದ ಪಕ್ಕ ಇಟ್ಟು ನೋಡಿ. ನಮ್ಮ ಅರ್ಥಧಾರಿಗೆ ಅಕಾಡೆಮಿಯ ಪ್ರಶಸ್ತಿ ಬಂದದ್ದೇ ಯಕ್ಷಗಾನಕ್ಕೆ. ಅದು ಇರಲೇಬೇಕು. ಆದರ್ಶ ಶಿಕ್ಷಕ ಪ್ರಶಸ್ತಿ ದೊಡ್ಡದೇ, ಆದರೆ ಈ ಸಭೆಗೆ ಬೇಡ. ಶಾಲೆಯ ವಾರ್ಷಿಕೋತ್ಸವಕ್ಕೆ ಅವರು ಬಂದರೆ ಅದೇ ಮೊದಲು ಬರಬೇಕು. ಬಿರುದುಗಳಲ್ಲಿ ಜನ ಅವರನ್ನು ಗುರುತಿಸುವ ಬಿರುದು ಇದ್ದರೆ ಅದೊಂದು ಸಾಕು. ನಿಮ್ಮದೇ ಸಂಸ್ಥೆ ಹಿಂದೆ ಅವರನ್ನು ಗೌರವಿಸಿದ್ದರೆ ಅದನ್ನು ಬಿಡಬೇಡಿ. ಸಭೆಗೂ ಅವರಿಗೂ ಇರುವ ನಂಟು ಅದು.

ಆರಿಸಿದ ಮೇಲೆ ಹೆಸರನ್ನು ಪ್ರಶಸ್ತಿ ಪತ್ರದಲ್ಲಿ ಇರುವಂತೆಯೇ ಬರೆದುಕೊಳ್ಳಿ. ಎಡವುವುದು ಇಲ್ಲೇ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬೇರೆ, ರಾಜ್ಯ ಸರ್ಕಾರದ ರಾಜ್ಯೋತ್ಸವ ಪ್ರಶಸ್ತಿ ಬೇರೆ. ‘ಜಿಲ್ಲಾ’ ಬಿಟ್ಟು ಓದಿದರೆ ಇಲ್ಲದ್ದನ್ನು ಹೇಳಿದ ಹಾಗಾಯಿತು. ಕೇಂದ್ರ ಸಾಹಿತ್ಯ ಅಕಾಡೆಮಿ, ಕರ್ನಾಟಕ ಸಾಹಿತ್ಯ ಅಕಾಡೆಮಿ, ಮಂಗಳೂರಿನಲ್ಲಿರುವ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ ಮೂರೂ ಬೇರೆ ಬೇರೆ. ಬರೀ ‘ಅಕಾಡೆಮಿ ಪ್ರಶಸ್ತಿ’ ಅಂದರೆ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ.

ಹೆಸರಿನ ಮುಂದೆ ಏನು ಬರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಬಿರುದಿನ ಹಾಗೆ ಸೇರಿಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ‘ಪದ್ಮಶ್ರೀ ಹರೇಕಳ ಹಾಜಬ್ಬ’ ಎನ್ನುವುದು ನಮಗೆಲ್ಲ ರೂಢಿ. ‘ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರು 2020ರ ಪದ್ಮಶ್ರೀ ಪ್ರಶಸ್ತಿ ಪಡೆದವರು’ ಅಂದರೆ ನಿಯಮಕ್ಕೂ ಸರಿ, ಶಾಲೆಯ ಮಾತು ಮೊದಲು ಬಂದದ್ದರಿಂದ ಕೇಳುವುದಕ್ಕೂ ಚಂದ ಅಲ್ವಾ? ಗೌರವ ಡಾಕ್ಟರೇಟ್ ಇದ್ದವರಿಗೆ ‘ಡಾ.’ ಹಚ್ಚುವ ಬದಲು ‘ಇಂಥ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪಡೆದವರು’ ಎನ್ನಿ. ವಿಶ್ವವಿದ್ಯಾಲಯದ ಹೆಸರೇ ಕೇಳಿರದಿದ್ದರೆ ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ನೋಡಿ. ಅದರಲ್ಲಿದ್ದರೆ ಸುಮ್ನೆ ಬಿಟ್ಟುಬಿಡಿ.

ಹಿಂದಿರುಗಿಸಿದ ಪ್ರಶಸ್ತಿಗಳ ಬಗ್ಗೆಯೂ ಎಚ್ಚರ ಬೇಕು. ಕೋಟದ ಶಿವರಾಮ ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಬಂತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ಅದನ್ನು ವಾಪಸ್ ಕೊಟ್ಟರು. ಅವರ ಪರಿಚಯದಲ್ಲಿ ಪದ್ಮಭೂಷಣ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದರೆ ಅವರು ತೋರಿದ ಧೈರ್ಯವನ್ನೇ ಅಳಿಸಿದ ಹಾಗೆ. ಹೇಳುವುದಾದರೆ ಹಿಂದಿರುಗಿಸಿದ್ದನ್ನೂ ಹೇಳಬೇಕು.

ಕೊನೆಗೆ ಭಾಷಣಕಾರರಿಗೇ ಫೋನ್ ಮಾಡಿ. ‘ಸರ್, ಹೊತ್ತು ಕಡಿಮೆ ಇದೆ. ಇಷ್ಟು ಹೇಳ್ತೇನೆ. ಬಿಡಲೇಬಾರದ್ದು ಏನಾದರೂ ಇದೆಯಾ?’ ಎಂದು ಕೇಳಿ. ತಮ್ಮ ಊರಿನ ಸಂಘ ಕೊಟ್ಟದ್ದೇ ಅವರಿಗೆ ದೊಡ್ಡದಿರಬಹುದು. ಅದನ್ನು ಸೇರಿಸಿಕೊಳ್ಳಿ, ಬೇರೊಂದನ್ನು ತೆಗೆಯಿರಿ.

ನಮ್ಮ ಪುಟ ಕೊನೆಗೆ ಹೀಗಾಯಿತು: ‘ಇವರು ಹಲವು ದಶಕಗಳಿಂದ ತಾಳಮದ್ದಳೆಯ ಅರ್ಥಧಾರಿ. ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ಪುರಾಣದ ಪಾತ್ರಗಳಿಗೆ ಹೊಸ ಮಾತು ಕೊಟ್ಟವರು. ಕರ್ನಾಟಕ ಯಕ್ಷಗಾನ ಅಕಾಡೆಮಿಯ ಗೌರವ ಪ್ರಶಸ್ತಿ, ಉಡುಪಿ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಇವರಿಗೆ ಸಂದಿವೆ.’

ಉಳಿದದ್ದೆಲ್ಲ ಸನ್ಮಾನ ಪತ್ರದಲ್ಲಿ ಅಚ್ಚಾಗಲಿ. ಈ ಚಿಕ್ಕ ಪರಿಚಯದ ಒಂದು ಪ್ರತಿ ನಿರೂಪಕರ ಕೈಯಲ್ಲೂ, ಸ್ವಾಗತ ಮತ್ತು ಧನ್ಯವಾದ ಹೇಳುವವರ ಕೈಯಲ್ಲೂ ಇರಲಿ. ಇಲ್ಲದಿದ್ದರೆ ನೀವು ಬಿಟ್ಟದ್ದನ್ನೆಲ್ಲ ಅವರು ಒಬ್ಬೊಬ್ಬರಾಗಿ ಮೈಕಿನಲ್ಲಿ ಓದುತ್ತಾರೆ.