ಎರಡು ಡೋಸ್ ಕೊಟ್ಟರೂ ನಿಲ್ಲದ ಫಿಟ್ಸ್

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರ್. ಫಿಟ್ಸ್ ಬಂದ ಮಗುವಿಗೆ ಬೆಂಜೋಡಯಾಜೆಪೀನ್ ಕೊಡುವುದು ನಮಗೆ ಕೈ ತಾನಾಗಿ ಮಾಡುವ ಕೆಲಸ. ಮಿಡಜೋಲಾಮ್, ಲೋರಜೆಪಾಮ್, ಡಯಾಜೆಪಾಮ್, ಎಲ್ಲವೂ ಅದೇ ಜಾತಿಯ ಔಷಧಗಳು. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಫಿಟ್ಸ್ ನಿಲ್ಲುತ್ತದೆ. ನಿಲ್ಲದ ಒಂದು ರಾತ್ರಿಯ ಬಗ್ಗೆ ಬರೆಯುತ್ತಿದ್ದೇನೆ. ಆ ಔಷಧ ಹೇಗೆ ಕೆಲಸ ಮಾಡುತ್ತದೆ ಅನ್ನೋದು ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತೇ.

ರಾತ್ರಿ ಹತ್ತೂಕಾಲರ ಹೊತ್ತಿಗೆ ಮೂರು ವರ್ಷದ ಹುಡುಗಿಯನ್ನು ಆಟೋದಲ್ಲಿ ಕರೆತಂದರು. ಮುಷ್ಟಿಯೊಳಗೆ ಬೀಗದ ಕೈ ಗೊಂಚಲು ಇಟ್ಟಿದ್ದರು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅರ್ಧ ಗಂಟೆಯಿಂದ ಬಿಟ್ಟು ಬಿಟ್ಟು ಫಿಟ್ಸ್, ನಡುವೆ ಎಚ್ಚರವೇ ಇಲ್ಲ. ಜ್ವರ ಇರಲಿಲ್ಲ, ಹಿಂದೆ ಯಾವತ್ತೂ ಬಂದಿರಲಿಲ್ಲ, ಸಕ್ಕರೆ ಸರಿಯಿತ್ತು. ತೂಕ 14 ಕಿಲೋ. ಮೂಗಿಗೆ ಮಿಡಜೋಲಾಮ್ ಸ್ಪ್ರೇ ಮಾಡಿದೆವು, ಕಿಲೋಗೆ 0.2 ಮಿ.ಗ್ರಾಂ ಲೆಕ್ಕದಲ್ಲಿ. ಐದು ನಿಮಿಷ ಕಳೆದರೂ ಕೈಕಾಲು ಸೆಳೆಯುತ್ತಲೇ ಇತ್ತು. ಅಷ್ಟರಲ್ಲಿ ಸಿಸ್ಟರ್ ಕ್ಯಾನುಲಾ ಹಾಕಿದ್ದರು, ಫ್ರಿಜ್‌ನಿಂದ ಲೋರಜೆಪಾಮ್ ತೆಗೆದು 1.4 ಮಿ.ಗ್ರಾಂ ನಿಧಾನವಾಗಿ ಕೊಟ್ಟೆ. ನಿಂತಿತು. ಮೂರು ನಿಮಿಷಕ್ಕೆ ಬಲಗಾಲಿನ ಹೆಬ್ಬೆರಳಿನಿಂದ ಶುರುವಾಗಿ ಮತ್ತೆ ಇಡೀ ಮೈಗೆ ಹರಡಿತು. ಫಿಟ್ಸ್‌ಗೆ ಕೊಡುವ ಬೇರೆ ಜಾತಿಯ ಔಷಧ ಲೆವೆಟಿರಾಸಿಟಾಮ್ ಹತ್ತಿಸಿದೆವು.

ಒಂದು ವಿಷಯ ಮಾತ್ರ ಮೊದಲಿನಿಂದಲೂ ಹೊಂದುತ್ತಿರಲಿಲ್ಲ. ಔಷಧ ಕೊಡುವ ಮುಂಚೆಯೇ, ಎರಡು ಫಿಟ್ಸ್ ನಡುವಿನ ಬಿಡುವಿನಲ್ಲಿ, ಮಗು ಓಡಿ ಬಂದವರ ಹಾಗೆ ಆಳವಾಗಿ, ಜೋರಾಗಿ ಉಸಿರಾಡುತ್ತಿತ್ತು. ಅಂದರೆ ರಕ್ತದಲ್ಲಿ ಆಮ್ಲ ಜಾಸ್ತಿ. ಫಿಟ್ಸ್‌ನಿಂದಲೂ ಅಷ್ಟು ಆಗಬಹುದು, ಆದರೆ ಇಷ್ಟೊಂದು ಆದಾಗ ವಿಷದ ಬಗ್ಗೆ ಯೋಚಿಸಲೇಬೇಕು. ಆಗ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಮನೇಲಿ ಯಾರು ಯಾವ ಮಾತ್ರೆ ತಗೋತಿದ್ದೀರಿ? ಒಂದೊಂದೇ ಹೇಳಿ." ಬಿಪಿ ಮಾತ್ರೆ ಹೇಳಿದರು. ಆಮೇಲೆ, "ನಮ್ಮ ಯಜಮಾನ್ರಿಗೆ ಟಿಬಿ ಅಂತ ಮಗೂಗೂ ಬರಬಾರ್ದು ಅಂತ ಮಾತ್ರೆ ಕೊಟ್ಟವ್ರೆ ಡಾಕ್ಟ್ರೇ." ಅಪ್ಪ ಬೈಕಿನಲ್ಲಿ ಹೋಗಿ ಸ್ಟ್ರಿಪ್ ತಂದ. ಐಸೋನಿಯಾಜಿಡ್ 100 ಮಿ.ಗ್ರಾಂ. ಹನ್ನೆರಡು ಗುಂಡಿ ಖಾಲಿ. ಕಿಲೋಗೆ ಸುಮಾರು 86 ಮಿ.ಗ್ರಾಂ ಆಯಿತು. 20 ದಾಟಿದರೇ ಎಚ್ಚರಿಕೆ ಬೇಕು ಅನ್ನುವ ಔಷಧ ಅದು. ಆ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳಬೇಕಿತ್ತು. ಈಗ ಹಾಗೇ ಮಾಡುತ್ತೇನೆ.

ಮೆದುಳಿನಲ್ಲಿ ಏನಾಗಿತ್ತು ಅಂತ ಹೇಳುತ್ತೇನೆ. ನರಕೋಶಗಳನ್ನು ಕೆರಳಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್, ತಣಿಸುವ ಮುಖ್ಯ ರಾಸಾಯನಿಕ ಗಾಬಾ. ಇವೆರಡೂ ಒಂದನ್ನೊಂದು ತೂಗಿಸಿಕೊಂಡು ಹೋಗುತ್ತಿರಬೇಕು. ತಣಿಸುವುದು ಕಡಿಮೆಯಾದರೆ ಒಂದು ಗುಂಪಿನ ಕೋಶಗಳು ಒಟ್ಟೊಟ್ಟಿಗೆ ವಿದ್ಯುತ್ ಸಂಕೇತ ಸಿಡಿಸತೊಡಗುತ್ತವೆ, ಪಕ್ಕದವನ್ನೂ ಎಳೆದುಕೊಳ್ಳುತ್ತವೆ, ಅದೇ ಫಿಟ್ಸ್. ಆದರೆ ಗಾಬಾ ಎಲ್ಲಿಂದ ಬರುತ್ತದೆ? ಗ್ಲುಟಮೇಟ್‌ನಿಂದಲೇ! ಒಂದೇ ಹೆಜ್ಜೆಯ ಕೆಲಸ, ಒಂದು ಕಿಣ್ವ ಅದನ್ನು ಮಾಡುತ್ತದೆ, ಮತ್ತು ಆ ಕಿಣ್ವಕ್ಕೆ ಬಿ6 ಜೀವಸತ್ವದ ಸಕ್ರಿಯ ರೂಪ ಜೊತೆಗಿರಲೇಬೇಕು. ಹಾಲು ಮೊಸರಾಗಲು ಹೆಪ್ಪು ಬೇಕಲ್ವಾ, ಹೆಚ್ಚುಕಡಿಮೆ ಹಾಗೆ. ಐಸೋನಿಯಾಜಿಡ್ ಆ ಹೆಪ್ಪನ್ನೇ ಕೆಡಿಸುತ್ತದೆ. ಬಿ6 ಸಕ್ರಿಯವಾಗದಂತೆ ತಡೆಯುತ್ತದೆ, ಇದ್ದದ್ದಕ್ಕೂ ಅಂಟಿಕೊಂಡು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಗ್ಲುಟಮೇಟ್ ಹಾಗೇ ಉಳಿಯುತ್ತದೆ, ಗಾಬಾ ಬರಿದಾಗುತ್ತದೆ. ತಕ್ಕಡಿಯ ಒಂದು ತಟ್ಟೆ ಖಾಲಿಯಾದಂತೆ.

ಇನ್ನು ನಮ್ಮ ಲೋರಜೆಪಾಮ್. ಅದು ತಾನಾಗಿ ಮೆದುಳನ್ನು ತಣಿಸುವುದಿಲ್ಲ. ನರಕೋಶದ ಹೊರಪೊರೆಯಲ್ಲಿ, ಗಾಬಾ ಬಂದು ಕೂರುವ ಗ್ರಾಹಕ ಎಂಬ ಪ್ರೋಟೀನಿನ ನಡುವೆ ಕ್ಲೋರೈಡ್ ಒಳಗೆ ಹೋಗುವ ಒಂದು ಬಾಗಿಲಿದೆ. ಗಾಬಾ ಕೂತಾಗ ಬಾಗಿಲು ತೆರೆಯುತ್ತದೆ, ಕ್ಲೋರೈಡ್ ಒಳಗೆ ಹೋಗುತ್ತದೆ, ಕೋಶ ಸಂಕೇತ ಸಿಡಿಸುವುದು ಕಷ್ಟವಾಗುತ್ತದೆ. ಬೆಂಜೋಡಯಾಜೆಪೀನ್ ಅದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕೂತು, ಗಾಬಾ ಇದ್ದಾಗ ಆ ಬಾಗಿಲು ಇನ್ನೂ ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ, ಅಷ್ಟೇ. ಗಾಬಾ ಇಲ್ಲದಿದ್ದರೆ ಅದಕ್ಕೆ ಹೆಚ್ಚಿಸಲು ಏನೂ ಇಲ್ಲ. ನಮ್ಮ ಮಗುವಿಗೆ ಮೂರು ನಿಮಿಷ ನಿಂತಿದ್ದು ಉಳಿದಿದ್ದ ಚೂರುಪಾರು ಗಾಬಾದಿಂದ ಅಂತ ನಾನು ಅಂದುಕೊಂಡಿದ್ದೇನೆ. ಡೋಸ್ ಮೇಲೆ ಡೋಸ್ ಕೊಡುತ್ತಾ ಹೋಗಿದ್ದರೆ ಉಸಿರು ನಿಲ್ಲುತ್ತಿತ್ತೇ ಹೊರತು ಫಿಟ್ಸ್ ಅಲ್ಲ. ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧ ಫೆನೋಬಾರ್ಬಿಟಾಲ್ ಸ್ವಲ್ಪ ಬೇರೆ. ಅದು ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಜಾಸ್ತಿ ಪ್ರಮಾಣದಲ್ಲಿ ಗಾಬಾ ಇಲ್ಲದೆಯೂ ತೆರೆಯಬಲ್ಲದು. ಅದಕ್ಕೇ ಅದು ಉಸಿರಿಗೆ ಇನ್ನೂ ಅಪಾಯ.

ಹಾಗಾಗಿ ಬೇಕಾಗಿದ್ದು ಬಿ6, ಅಂದರೆ ಪಿರಿಡಾಕ್ಸಿನ್. ನುಂಗಿದ ಐಸೋನಿಯಾಜಿಡ್ ಎಷ್ಟು ಗ್ರಾಮೋ ಅಷ್ಟೇ ಗ್ರಾಂ. ಎಷ್ಟು ನುಂಗಿದ್ದಾರೆ ಅಂತ ಗೊತ್ತಾಗದಿದ್ದರೆ ಮಕ್ಕಳಿಗೆ ಕಿಲೋಗೆ 70 ಮಿ.ಗ್ರಾಂ, ಹೆಚ್ಚೆಂದರೆ 5 ಗ್ರಾಂ. ರಕ್ತನಾಳಕ್ಕೆ ಕೊಡುವುದೇ ಸರಿಯಾದ ದಾರಿ, ಆದರೆ ನಮ್ಮಲ್ಲಿ ಅಷ್ಟು ಇಂಜೆಕ್ಷನ್ ಇರಲಿಲ್ಲ. ಔಷಧಿ ಕೋಣೆಯಲ್ಲಿ 40 ಮಿ.ಗ್ರಾಂ ಮಾತ್ರೆ ಸಿಕ್ಕಿತು. 1.2 ಗ್ರಾಂಗೆ ಮೂವತ್ತು ಮಾತ್ರೆ. ಸಿಸ್ಟರ್ ಸ್ಟ್ರಿಪ್ ಒಡೆದು ಎಣಿಸಿ, ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ನೀರಿನಲ್ಲಿ ಕದಡಿದರು. ಪ್ರಜ್ಞೆಯಿಲ್ಲದ ಮಗುವಿಗೆ ಸುಮ್ನೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ಅರಿವಳಿಕೆ ಡಾಕ್ಟರ್ ಮೊದಲು ಉಸಿರುನಳಿಗೆ ಟ್ಯೂಬ್ ಹಾಕಿದರು, ನಂತರ ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್‌ನಲ್ಲಿ ಔಷಧ ಬಿಟ್ಟೆವು. ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಔಷಧವನ್ನು ಬೇಗ ಇಳಿದುಹೋಗುವಂಥದ್ದೇ ಆರಿಸಿದೆವು. ದೀರ್ಘಕಾಲದ್ದು ಕೊಟ್ಟರೆ ಕೈಕಾಲು ಅಲ್ಲಾಡುವುದಿಲ್ಲ, ಆದರೆ ಮೆದುಳಿನೊಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು, ಮೆದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಇಲ್ಲದ ನಮ್ಮಲ್ಲಿ ಅದು ಕಾಣುವುದೇ ಇಲ್ಲ. ಜೊತೆಗೆ ಇನ್ನೊಂದು ಡೋಸ್ ಲೋರಜೆಪಾಮ್ ಕೊಟ್ಟೆ, ಗಾಬಾ ತಯಾರಾಗುತ್ತಾ ಬಂದ ಹಾಗೆ ಅದಕ್ಕೂ ಬಲ ಬರುತ್ತದೆ ಅಂತ.

ಸಡಿಲಿಸುವ ಔಷಧ ಇಳಿದ ಮೇಲೆ ಹೆಬ್ಬೆರಳು ಎರಡು ಸಲ ಸೆಳೆಯಿತು. ನನ್ನ ಕಣ್ಣೆಲ್ಲಾ ಆ ಬೆರಳಿನ ಮೇಲೆ. ಸುಮಾರು ಇಪ್ಪತ್ತೈದು ನಿಮಿಷದ ನಂತರ ಅದೂ ನಿಂತಿತು, ನಾಡಿ 170ರಿಂದ 130ಕ್ಕೆ ಇಳಿಯಿತು. 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಮಾರನೇ ದಿನ ಸಂಜೆ ಅಮ್ಮನನ್ನು ಗುರುತಿಸಿ ನೀರು ಕೇಳಿತಂತೆ.

ಒಂದು ಎಚ್ಚರಿಕೆ. ಬೆಂಜೋಡಯಾಜೆಪೀನ್ ಕೆಲಸ ಮಾಡಲಿಲ್ಲ ಅಂದ ತಕ್ಷಣ ಎಲ್ಲರಿಗೂ ಬಿ6 ಅಲ್ಲ. ಸಾಮಾನ್ಯವಾಗಿ ಅದಕ್ಕೆ ಕಾರಣ ಔಷಧ ತಡವಾಗಿ ಸಿಗುವುದು. ಫಿಟ್ಸ್ ಬಹಳ ಹೊತ್ತು ನಡೆದರೆ ಕೋಶಗಳು ಗಾಬಾ ಗ್ರಾಹಕಗಳನ್ನು ಒಳಗೆಳೆದುಕೊಳ್ಳುತ್ತವೆ, ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕಗಳು ಮೇಲಕ್ಕೆ ಬರುತ್ತವೆ. ಅಲ್ಲಿ ಗಾಬಾ ಇದೆ, ಅದು ಕೂರಲು ಜಾಗ ಕಡಿಮೆ. ಐದು ನಿಮಿಷ ದಾಟಿದ ಫಿಟ್ಸ್‌ಗೆ ಮೊದಲ ಡೋಸನ್ನೇ ಪೂರ್ತಿ ಕೊಡಬೇಕು, ಭಯದಿಂದ ಅರ್ಧ ಅರ್ಧ ಕೊಡಬಾರದು ಅನ್ನುವುದಕ್ಕೆ ಕಾರಣ ಇದೇ. ಹಿಂದೆ ಇಲ್ಲದ ಫಿಟ್ಸ್, ಜ್ವರವಿಲ್ಲ, ಆಳವಾದ ಉಸಿರು, ಮನೆಯಲ್ಲಿ ಟಿಬಿ ಮಾತ್ರೆ, ಇವು ಕೂಡಿಬಂದಾಗ ಮಾತ್ರ ನನ್ನ ಕೈ ಬಿ6 ಕಡೆ ಹೋಗುತ್ತದೆ.

ಈಗ ನಮ್ಮ ಎಮರ್ಜೆನ್ಸಿ ಟ್ರೇಯಲ್ಲಿ 40 ಮಿ.ಗ್ರಾಂನ 125 ಮಾತ್ರೆಗಳ ಒಂದು ಡಬ್ಬಿ ಇದೆ, ದೊಡ್ಡವರ 5 ಗ್ರಾಂ ಲೆಕ್ಕಕ್ಕೆ. ಪಕ್ಕದಲ್ಲೇ ಕುಟ್ಟಾಣಿ. ಅವಧಿ ಮುಗಿಯುವ ತಿಂಗಳನ್ನು ಸಿಸ್ಟರ್ ಮುಚ್ಚಳದ ಮೇಲೆ ಕೆಂಪು ಮಾರ್ಕರ್‌ನಲ್ಲಿ ಬರೆದಿಟ್ಟಿದ್ದಾರೆ.