ಹಾಸ್ಟೆಲಿನ ಕರೆಂಟ್ ಒಲೆಯಲ್ಲಿ ಸಕ್ಕರೆ ಅಚ್ಚು: ಮೂರನೆಯ ಸಂಕ್ರಾಂತಿಗೆ ಕೈಗೂಡಿತು

ಜರ್ಮನಿಯ ತುರಿಂಗಿಯಾದ ಇಲ್ಮೆನೌ ಎಂಬ ಪುಟ್ಟ ಊರಿನಲ್ಲಿ ಓದುತ್ತಿದ್ದ ಮೂರು ಚಳಿಗಾಲಗಳಲ್ಲೂ ನಾನು ಎಳ್ಳು ಬೀರಿದ್ದೇನೆ. ಆದರೆ ತಟ್ಟೆಯಲ್ಲಿ ಸಕ್ಕರೆ ಅಚ್ಚು ಕಾಣಿಸಿದ್ದು ಮೂರನೆಯ ವರ್ಷ ಮಾತ್ರ. "ಆ ಒಲೇಲಿ ಅದೆಲ್ಲ ಆಗಲ್ಲ ಕಣೇ, ಕಲ್ಲುಸಕ್ಕರೆ ಇಟ್ಟು ಸುಮ್ಮನಿರು" ಎಂದು ಅಮ್ಮ ಫೋನಿನಲ್ಲಿ ಹೇಳಿದ್ದರು, ಸೀನಿಯರ್ ಅಕ್ಕಂದಿರು ನಕ್ಕಿದ್ದರು. ಈಗ ಅವರೇ ವಿಧಾನ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಎಳ್ಳು ಬೆಲ್ಲದ ಮಿಶ್ರಣ ಕಷ್ಟವೇನಲ್ಲ. ಬಿಳಿ ಎಳ್ಳು ತುರ್ಕಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಅಲ್ಲಿಯೇ ಸಿಗುವ ಲೆಬ್ಲೆಬಿ ಎಂಬ ಹುರಿದ ಕಡಲೆಯನ್ನು ಕೈಯಲ್ಲಿ ಒಡೆದರೆ ಹುರಿಗಡಲೆಯ ಕೊರತೆ ನೀಗುತ್ತದೆ. ಬೆಲ್ಲ ಮತ್ತು ಕೊಬ್ಬರಿಗೆ ಮಾತ್ರ ಒಂದು ಗಂಟೆಯಷ್ಟು ರೈಲಿನಲ್ಲಿ ಎರ್ಫರ್ಟ್‌ಗೆ ಹೋಗಬೇಕಾಗಿತ್ತು. ಹೆಚ್ಚಿದ ಬೆಲ್ಲವನ್ನು ಹೀಟರಿನ ಮೇಲೆ ಕಾಗದ ಹಾಸಿ ಒಂದು ರಾತ್ರಿ ಬಿಟ್ಟರೆ, ನಮ್ಮೂರಿನ ಎರಡು ದಿನದ ಬಿಸಿಲಿನ ಕೆಲಸ ಮುಗಿದಿರುತ್ತಿತ್ತು.

ಅಚ್ಚಿನ ಕಥೆ ಬೇರೆ. 2023ರ ಸಂಕ್ರಾಂತಿ ಭಾನುವಾರ ಬಂದಿತ್ತು. ಶನಿವಾರ ಸಂಜೆ ಅವಸರದಲ್ಲಿ ತಂದ ಎರಡು ಪೊಟ್ಟಣ ಸಕ್ಕರೆಯನ್ನು ಕುದಿಸಿದರೆ ಪಾಕವು ಗಟ್ಟಿಯಾಗುವ ಬದಲು ಲೋಳೆಯಾಗುತ್ತಾ ಹೋಯಿತು. ಪೊಟ್ಟಣವನ್ನು ತಿರುಗಿಸಿ ಓದಿದಾಗ ಅದು ಜೆಲೀರ್‌ತ್ಸುಕರ್, ಅಂದರೆ ಜಾಮ್ ಮಾಡಲೆಂದೇ ಪೆಕ್ಟಿನ್ ಮತ್ತು ಹುಳಿ ಬೆರೆಸಿದ ಸಕ್ಕರೆ ಎಂದು ತಿಳಿಯಿತು. ಭಾನುವಾರ ಅಲ್ಲಿ ಅಂಗಡಿಗಳು ತೆರೆಯುವುದಿಲ್ಲ. ಸುಮಾರು ಐದು ಯೂರೋ ಹಾಳಾಯಿತು, ಆ ವರ್ಷ ಕಲ್ಲುಸಕ್ಕರೆಯೇ ಗತಿಯಾಯಿತು.

2024ರಲ್ಲಿ ಸಕ್ಕರೆ ಸರಿಯಾಗಿತ್ತು, ನಾನು ಕೆಟ್ಟೆ. ಬಾಣಲೆಯಲ್ಲೇ ಪಾಕ ಮರಳು ಕಟ್ಟುತ್ತದೆಂಬ ಭಯಕ್ಕೆ ಅರ್ಧ ನಿಂಬೆಹಣ್ಣನ್ನು ಹಿಂಡಿಬಿಟ್ಟೆ. ಹುಳಿ ಹೆಚ್ಚಾದರೆ ಸಕ್ಕರೆ ಒಡೆದು ಮತ್ತೆ ಹರಳುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅಚ್ಚು ಬಿಚ್ಚಿದಾಗ ಗಿಳಿಯ ಬದಲು ಗಾಜಿನಂಥ ಅಂಟು ಕೈಗೆ ಬಂತು. ಅದನ್ನು ತೊಳೆದು, ಬೇಗ ಒಣಗಲೆಂದು ಮರದ ಅಚ್ಚುಗಳನ್ನು ಹೀಟರಿನ ಮೇಲಿಟ್ಟದ್ದು ಎರಡನೆಯ ತಪ್ಪು. ಅಮ್ಮ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ಕೊಟ್ಟಿದ್ದ ನಾಲ್ಕರಲ್ಲಿ ಎರಡು, ಗೋಪುರ ಮತ್ತು ಗಿಳಿ, ಬೆಳಗಾಗುವಷ್ಟರಲ್ಲಿ ಸೀಳಿದ್ದವು.

ಆ ಬೇಸರಕ್ಕೆ ಚಾಕೊಲೇಟಿನ ಸಿಲಿಕೋನ್ ಅಚ್ಚುಗಳನ್ನೂ ಎಂಟು ಯೂರೋ ಕೊಟ್ಟು ತಂದು ನೋಡಿದೆ. ಸಕ್ಕರೆ ಕಚ್ಚದೆ ಸಲೀಸಾಗಿ ಬಿಡುತ್ತದೆ ನಿಜ, ಆದರೆ ಹಿಂಬದಿ ಚಪ್ಪಟೆಯಾಗಿ ಬರುತ್ತದೆ. ಅರ್ಧ ಹಂಸವನ್ನು ಯಾರ ಕೈಗೆ ಕೊಡುವುದು?

2025ರಲ್ಲಿ ಹಬ್ಬಕ್ಕೆ ಹತ್ತು ದಿನ ಮೊದಲೇ ಕೂತೆ. ಉಳಿದ ಎರಡು ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಒರೆಸಿ, ರಬ್ಬರ್ ಬ್ಯಾಂಡ್ ಬಿಗಿದಿಟ್ಟೆ. ಒಂದು ಕಿಲೋ ಸಾದಾ ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ, ಕುದಿ ಬಂದಾಗ ಎರಡು ಚಮಚ ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನು ಬಟ್ಟೆಯಲ್ಲಿ ಸೋಸಿದೆ. ಅಸಲು ಕೆಲಸ ಇರುವುದು ಆಮೇಲೆ: ಒಮ್ಮೆಗೆ ಒಂದೇ ಸೌಟು ಪಾಕವನ್ನು ದಪ್ಪ ತಳದ ಸಣ್ಣ ಪಾತ್ರೆಗೆ ಹಾಕಿ, ಎರಡು ಹನಿ ನಿಂಬೆರಸ ಬಿಟ್ಟು, ಕೈಬಿಡದೆ ತಿರುವುತ್ತಾ ಗುಳ್ಳೆಗಳು ದಪ್ಪಗಾಗಿ ಅಂಚು ಬೆಳ್ಳಗಾಗುವುದನ್ನೇ ಕಾಯಬೇಕು. ಗ್ಯಾಸ್ ಒಲೆಯಂತೆ ಇಲ್ಲಿ ಆರಿಸಿದರೆ ಸಾಲದು, ತಟ್ಟೆಯ ಕಾವು ಇಳಿಯುವುದೇ ಇಲ್ಲ. ಆದ್ದರಿಂದ ಬೆಳ್ಳಗಿನ ಅಂಚು ಕಂಡ ಕೂಡಲೇ ಪಾತ್ರೆಯನ್ನು ಎತ್ತಿ ಮರದ ಹಲಗೆಯ ಮೇಲಿಟ್ಟು, ಸೌಟಿನ ಬೆನ್ನಿನಿಂದ ಪಕ್ಕಕ್ಕೆ ಉಜ್ಜಿ, ಹಾಲಿನಂತೆ ಮಬ್ಬಾದ ತಕ್ಷಣ ಸುರಿಯಬೇಕು. ಹತ್ತು ಎಣಿಸುವಷ್ಟು ತಡವಾದರೂ ಪಾತ್ರೆಯಲ್ಲೇ ಪುಡಿಯಾಗುತ್ತದೆ. ನನಗೆ ಮೊದಲ ಆರೇಳು ಸೌಟು ಹಾಗೆಯೇ ಹೋಯಿತು, ಆ ಪುಡಿಯನ್ನು ನೀರು ಹಾಕಿ ಮತ್ತೆ ಕರಗಿಸಿದೆ. ಅಂಚು ಕಂದು ಬಣ್ಣಕ್ಕೆ ತಿರುಗದಂತೆ ಮಾಡುವ ಒಂದು ಉಪಾಯವಿದೆ, ಅದನ್ನು ನನ್ನ ತಂಗಿಗೂ ಹೇಳಿಲ್ಲ.

ಹತ್ತು ನಿಮಿಷಕ್ಕೆ ಅಚ್ಚು ಬಿಚ್ಚಬಹುದು. ಹೀಟರಿನಿಂದ ಒಣಗಿದ ಚಳಿಗಾಲದ ಕೋಣೆಯ ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ; ಬೆಂಗಳೂರಿಗಿಂತ ಬೇಗ ಗಟ್ಟಿಯಾಗುತ್ತವೆ. ಆದರೆ ಪಕ್ಕದ ಒಲೆಯಲ್ಲಿ ಯಾರಾದರೂ ಪಾಸ್ತಾ ಬೇಯಿಸುತ್ತಿದ್ದರೆ ಆ ಹಬೆಗೆ ಮೇಲ್ಮೈ ಅಂಟಾಗುತ್ತದೆ, ಹಾಗಾಗಿ ನಾನು ರಾತ್ರಿ ಹನ್ನೊಂದರ ಮೇಲೆಯೇ ಕೆಲಸಕ್ಕೆ ಇಳಿಯುತ್ತಿದ್ದೆ.

ಮೂರು ರಾತ್ರಿಗಳಲ್ಲಿ ಎರಡು ಕಿಲೋ ಸಕ್ಕರೆಯಿಂದ ಎಪ್ಪತ್ತರ ಆಸುಪಾಸು ಅಚ್ಚುಗಳು ಬಂದವು, ಸಕ್ಕರೆಗೆ ತಗಲಿದ್ದು ಹೆಚ್ಚೆಂದರೆ ಮೂರು ಯೂರೋ. ಜನವರಿ 14ರ ಮಂಗಳವಾರ ಸಂಜೆ ತರಗತಿ ಮುಗಿಸಿ, ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಮಹಡಿಯ ಹನ್ನೆರಡು ಕೋಣೆಗಳಿಗೂ ಊರಿನಲ್ಲಿದ್ದ ಎರಡು ಕನ್ನಡದ ಮನೆಗಳಿಗೂ ಬೀರಿ ಬಂದೆ. ಪಕ್ಕದ ಕೋಣೆಯ ಜರ್ಮನ್ ಹುಡುಗಿ ಹಂಸವನ್ನು ತಿನ್ನದೆ ಕಿಟಕಿಯ ಮೇಲಿಟ್ಟಳು. ಮಾರ್ಚ್‌ನಲ್ಲಿ ನಾನು ಕೋಣೆ ಖಾಲಿ ಮಾಡುವಾಗಲೂ ಅದು ಅಲ್ಲೇ ಇತ್ತು, ಕೊಕ್ಕು ಮಾತ್ರ ಮುರಿದಿತ್ತು.