ಒಂದೇ ಅಂಕಕ್ಕೆ ಎರಡು ರ‍್ಯಾಂಕ್ ಬರುತ್ತಿತ್ತು: ಸರಿಮಾಡಿದ್ದು ಹೀಗೆ

ತರಗತಿಯ ಫಲಿತಾಂಶ ಪಟ್ಟಿಯಲ್ಲಿ ಇಬ್ಬರು ಮಕ್ಕಳಿಗೆ 86 ಅಂತಲೇ ಕಾಣುತ್ತಿತ್ತು. ಆದರೆ ಎಕ್ಸೆಲ್ ಒಬ್ಬರಿಗೆ 4, ಇನ್ನೊಬ್ಬರಿಗೆ 5ನೇ ಸ್ಥಾನ ಕೊಡುತ್ತಿತ್ತು. ಇಬ್ಬರಿಗೂ `4=` ಬರಬೇಕಿತ್ತು, ಮುಂದಿನವರಿಗೆ 6.

`RANK.AVG` ಹಾಕಿದರೂ ಅದೇ 4, 5. ಅಂಕ ನಿಜಕ್ಕೂ ಸಮ ಇದ್ದಲ್ಲಿ ಅದು 4.5 ಅನ್ನುತ್ತದೆ, ಪಟ್ಟಿಗೆ ಅದು ಬೇಡ. ಕೈಯಿಂದ ಟೈಪ್ ಮಾಡಿದರೆ ಒಂದು ಅಂಕ ಬದಲಾದರೂ ಎಲ್ಲ ತಪ್ಪುತ್ತದೆ.

ಸೆಲ್‌ನಲ್ಲಿ ದಶಮಾಂಶ ಜಾಸ್ತಿ ಮಾಡಿ ನೋಡಿದಾಗ ಕಾರಣ ಸಿಕ್ಕಿತು. ನಮ್ಮಲ್ಲಿ ಕಿರುಪರೀಕ್ಷೆಗೆ 30%, ವಾರ್ಷಿಕಕ್ಕೆ 70%. ಒಬ್ಬರದು 85, 87: ಒಟ್ಟು 86.4. ಇನ್ನೊಬ್ಬರದು 80, 88: ಒಟ್ಟು 85.6. ಫಾರ್ಮ್ಯಾಟ್ ಬರೀ ಕಾಣುವುದನ್ನು ಬದಲಿಸುತ್ತದೆ, ಒಳಗಿನ ಸಂಖ್ಯೆ ಹಾಗೇ ಇರುತ್ತದೆ. ರ‍್ಯಾಂಕ್ ನೋಡುವುದು ಒಳಗಿನದನ್ನೇ ಅಲ್ವಾ?

ಹಾಗಾಗಿ ಪೂರ್ಣಾಂಕ ಮಾಡುವ ಕೆಲಸ ಲೆಕ್ಕದಲ್ಲೇ ಆಗಬೇಕು. ಮೊದಲು D2ನಲ್ಲಿ:

```
=ROUND(B2*0.3+C2*0.7,0)
```

ಆಮೇಲೆ E2ನಲ್ಲಿ:

```
=RANK.EQ(D2,$D$2:$D$61,0)&IF(COUNTIF($D$2:$D$61,D2)>1,"=","")
```

ಎರಡನ್ನೂ 61ನೇ ಸಾಲಿನವರೆಗೆ ಎಳೆಯಿರಿ. `$` ಬಿಟ್ಟರೆ ಎಳೆದಂತೆಲ್ಲ ವ್ಯಾಪ್ತಿ ಕೆಳಗೆ ಜಾರುತ್ತದೆ, ಆಗ ಕೊನೆಯ ಮಗುವಿಗೂ 1ನೇ ಸ್ಥಾನ ಬರುತ್ತದೆ. ನಿಮ್ಮ ಶಾಲೆ ಎರಡು ದಶಮಾಂಶ ಲೆಕ್ಕಕ್ಕೆ ಹಿಡಿದರೆ `ROUND`ನ ಕೊನೆಯ 0 ಬದಲು 2 ಹಾಕಿ. ಅದನ್ನು ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ಯಾರು ಸಮ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಪಟ್ಟಿಯನ್ನು D ಕಾಲಂ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ. E ಮೇಲೆ ಬೇಡ. `4=` ಈಗ ಪಠ್ಯ, ಅಲ್ಲಿ 10 ಬಂದು 2ರ ಮುಂದೆ ಕೂರುತ್ತದೆ.